ಹೊಸ ಮಳಿಗೆ ತೆರೆದಿದ್ದೀರಾ? ಪತ್ರಿಕೆಯಲ್ಲಿ ಸುದ್ದಿಯಾಗುವುದು ಹೀಗೆ

ಮಾಟುಂಗದಲ್ಲಿ ಇಡ್ಲಿ-ದೋಸೆಯ ಪುಟ್ಟ ಹೋಟೆಲ್ ನಡೆಸುವ ಕನ್ನಡಿಗರೊಬ್ಬರು ಡೊಂಬಿವಲಿಯಲ್ಲಿ ಎರಡನೇ ಮಳಿಗೆ ತೆರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಊರಿಗೆಲ್ಲ ವಿಷಯ ತಿಳಿಯಬೇಕು. ಅವರ ಮುಂದೆ ಎರಡು ದಾರಿಗಳಿವೆ. ಒಂದು ಜಾಹೀರಾತು, ಇನ್ನೊಂದು ಸಾರ್ವಜನಿಕ ಸಂಪರ್ಕ, ಅಂದರೆ ಪಿಆರ್.

ಜಾಹೀರಾತಿನ ಲೆಕ್ಕ ಸರಳ. ಪತ್ರಿಕೆಯಲ್ಲಿ ಜಾಗವನ್ನು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. 8 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ ಎಂದರೆ 80 ಚದರ ಸೆಂ.ಮೀ. ಅದನ್ನು ಪತ್ರಿಕೆಯ ದರದಿಂದ ಗುಣಿಸಿ, ಜಿಎಸ್‌ಟಿ ಸೇರಿಸಿದರೆ ಬಿಲ್ ಸಿದ್ಧ. ಯಾವ ದಿನ ಬರಬೇಕು, ಏನು ಬರೆಯಬೇಕು ಎಂಬುದೆಲ್ಲ ಹಣ ಕೊಟ್ಟವರ ಕೈಯಲ್ಲೇ ಇರುತ್ತದೆ. ಆದರೆ ಅದು ಜಾಹೀರಾತು ಎಂಬುದು ಓದುಗರಿಗೂ ಗೊತ್ತು.

ಸುದ್ದಿಯ ಜಾಗ ಮಾರಾಟಕ್ಕಿಲ್ಲ. ಮಾಹಿತಿ ಕೊಡುವುದಷ್ಟೇ ಮಾಲೀಕರ ಕೆಲಸ. ಹಾಕುವುದು, ಬಿಡುವುದು, ಕತ್ತರಿಸುವುದು ಸಂಪಾದಕೀಯ ವಿಭಾಗಕ್ಕೆ ಬಿಟ್ಟದ್ದು. ಹಣ ಪಡೆದ ಬರಹವನ್ನು ಸುದ್ದಿಯಂತೆ ಅಚ್ಚು ಹಾಕಿದರೆ ಅದು 'ಕಾಸಿಗಾಗಿ ಸುದ್ದಿ'. ಜಾಹೀರಾತು ಮತ್ತು ಸುದ್ದಿ ಸ್ಪಷ್ಟವಾಗಿ ಬೇರೆ ಬೇರೆಯಾಗಿ ಕಾಣಬೇಕು ಎನ್ನುತ್ತದೆ ಭಾರತೀಯ ಪತ್ರಿಕಾ ಮಂಡಳಿಯ ನೀತಿ ಸಂಹಿತೆ. ಹಾಗಾಗಿ ವರದಿಗಾರರಿಗೆ ಲಕೋಟೆ ಕೊಡುವುದಾಗಲೀ, ಅಚ್ಚಿಗೆ ಮೊದಲೇ ವರದಿ ತೋರಿಸಿ ಎಂದು ಕೇಳುವುದಾಗಲೀ ಬೇಡ.

ಅಂಗಡಿ ತೆರೆದದ್ದೇ ಸುದ್ದಿಯಲ್ಲ

ಡೊಂಬಿವಲಿಯಂಥ ಊರಿನಲ್ಲಿ ದಿನವೂ ಯಾವುದಾದರೊಂದು ಅಂಗಡಿ ತೆರೆಯುತ್ತಲೇ ಇರುತ್ತದೆ. ಈ ಹೋಟೆಲ್ ಬೇರೆ ಏನು ಮಾಡುತ್ತಿದೆ ಎಂಬುದನ್ನು ಹುಡುಕಬೇಕು. ನಮ್ಮ ಮಾಲೀಕರು ಮೊದಲು ಬರೆದ ಪತ್ರಿಕಾ ಪ್ರಕಟಣೆ ಹೀಗೆ ಶುರುವಾಗುತ್ತಿತ್ತು: 'ರುಚಿ ಮತ್ತು ಶುಚಿಗೆ ಮನೆಮಾತಾದ ನಮ್ಮ ಸಂಸ್ಥೆಯು ಭವ್ಯ ಮಳಿಗೆಯನ್ನು ಆರಂಭಿಸಲು ಹರ್ಷಿಸುತ್ತದೆ.' ಇಂಥದ್ದು ಬಂದರೆ ಡೆಸ್ಕ್‌ನವರು ಸೀದಾ ಜಾಹೀರಾತು ವಿಭಾಗಕ್ಕೆ ದಾಟಿಸುತ್ತಾರೆ. ಪ್ರಕಟಣೆ ಕಳಿಸಿದ ಮರುದಿನ ಜಾಹೀರಾತು ವಿಭಾಗದಿಂದ ಫೋನ್ ಬಂತೆಂದರೆ ಎಡವಿದ್ದು ಎಲ್ಲಿ ಎಂದು ಅರ್ಥವಾಗಬೇಕು.

ತಿದ್ದಿದ ಮೇಲೆ ಅದು ಹೀಗಾಯಿತು: 'ಮುಂಜಾನೆಯ ಲೋಕಲ್ ರೈಲು ಹಿಡಿಯುವವರಿಗಾಗಿ ಬೆಳಗ್ಗೆ 5ಕ್ಕೇ ಬಾಗಿಲು ತೆರೆಯುವ ಇಡ್ಲಿ ಹೋಟೆಲ್ ಡೊಂಬಿವಲಿ ನಿಲ್ದಾಣದ ಬಳಿ ಸೋಮವಾರ ಆರಂಭವಾಗಲಿದೆ. ಅಡುಗೆಮನೆಯ 8 ಮಂದಿಯೂ ಆಸುಪಾಸಿನ ಮಹಿಳೆಯರು.' ಎರಡೇ ವಾಕ್ಯ, ಹೊಗಳಿಕೆ ಒಂದೂ ಇಲ್ಲ. ಆದರೆ ನಿತ್ಯ ರೈಲಿಗೆ ಓಡುವ ಓದುಗರಿಗೆ ಇದರಲ್ಲಿ ಕೆಲಸದ ವಿಷಯವಿದೆ. ಇದರ ಕೆಳಗೆ ವಿಳಾಸ, ಸಮಯ, ಮಾಲೀಕರ ಒಂದು ಮಾತು, ಫೋನ್ ಎತ್ತುವವರ ನಂಬರ್. ಇಷ್ಟೂ ಒಂದೇ ಪುಟದಲ್ಲಿ ಮುಗಿಯಬೇಕು.

ಯಾರಿಗೆ, ಯಾವಾಗ?

ಕಳಿಸುವ ಮುನ್ನ ಎರಡು ವಾರ ಆ ಪತ್ರಿಕೆಗಳನ್ನು ಓದಿ, ಆ ಭಾಗದ ಸುದ್ದಿ ಬರೆಯುವವರು ಯಾರೆಂದು ಗುರುತಿಸಿಕೊಳ್ಳಬೇಕು. ಉದಯವಾಣಿಯ ಮುಂಬೈ ಆವೃತ್ತಿ, ಕರ್ನಾಟಕ ಮಲ್ಲದಂಥ ಕನ್ನಡ ಪತ್ರಿಕೆಗಳಿಗೆ ಕನ್ನಡದಲ್ಲಿ, ಮರಾಠಿ ಪತ್ರಿಕೆಗಳಿಗೆ ಮರಾಠಿಯಲ್ಲೇ ಕಳಿಸಬೇಕು. ಕನ್ನಡಿಗ ಓದುಗರಿಗೆ ಮಾಟುಂಗದ ಹಳೆಯ ಹೋಟೆಲ್ ಕಥೆ ಇಷ್ಟವಾಗಬಹುದು, ಮರಾಠಿ ಓದುಗರಿಗೆ ಊರಿನ ಮಹಿಳೆಯರ ಕೆಲಸದ ವಿಷಯ ಮುಖ್ಯ.

ಇಲ್ಲೊಂದು ಸಣ್ಣ ತೊಡಕಿದೆ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇಮೇಲ್‌ನ ಒಳಗೇ ಅಂಟಿಸಿದರೆ ಉಪಸಂಪಾದಕರು ಮತ್ತೆ ಟೈಪ್ ಮಾಡುವ ಕಷ್ಟ ತಪ್ಪುತ್ತದೆ. ಫೋಟೊ ಕೂಡ ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಸಾದಾ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಮೂಲ ಗಾತ್ರದ ಫೋಟೊವನ್ನು ಇಮೇಲ್‌ಗೆ ಲಗತ್ತಿಸಿ, ಎಡದಿಂದ ಬಲಕ್ಕೆ ಯಾರು ಯಾರು ಎಂದು ಹೆಸರು ಬರೆಯಬೇಕು. ಟೇಪು ಕತ್ತರಿಸುವ ಚಿತ್ರ ಡೆಸ್ಕ್‌ಗೆ ನೋಡಿ ನೋಡಿ ಸಾಕಾಗಿದೆ. ನಸುಕಿನಲ್ಲಿ ಹಬೆಯಾಡುವ ಇಡ್ಲಿ ತಟ್ಟೆ ಇಳಿಸುತ್ತಿರುವ ಮಹಿಳೆಯರ ಚಿತ್ರವಾದರೆ ಕಣ್ಣು ನಿಲ್ಲುತ್ತದೆ.

ನಾಲ್ಕೈದು ದಿನ ಮೊದಲೇ ಕಳಿಸಿ, ಬೆಳಗ್ಗೆ 11ರ ನಂತರ ಒಮ್ಮೆ ಮಾತ್ರ ಫೋನ್ ಮಾಡಿದರೆ ಸಾಕು. ಸಂಜೆ ಪುಟ ಕಟ್ಟುವ ಗಡಿಬಿಡಿಯಲ್ಲಿ ಕರೆ ಮಾಡಿದರೆ ಸಿಗುವುದು ಬೈಗುಳವೇ.

ಉದ್ಘಾಟನೆಗೆ ರಾಜಕಾರಣಿಯನ್ನು ಕರೆದರೆ ಪತ್ರಿಕೆಯವರು ಖಂಡಿತ ಬರುತ್ತಾರೆ ಎಂಬ ಲೆಕ್ಕಾಚಾರ ಅನೇಕರದು. ಬರುತ್ತಾರೆ ನಿಜ. ಆದರೆ ಮರುದಿನದ ತಲೆಬರಹ ಅತಿಥಿಯ ಭಾಷಣದ್ದಾಗಿರುತ್ತದೆ, ಹೋಟೆಲ್ ಹೆಸರು ಕೊನೆಯ ಸಾಲಿನಲ್ಲಿರುತ್ತದೆ.

ಫಲ ಸಿಕ್ಕಿತೇ?

ಸುದ್ದಿ ಬಂದ ಜಾಗಕ್ಕೆ ಜಾಹೀರಾತು ದರ ಹಚ್ಚಿ 'ಇಷ್ಟು ಸಾವಿರದ ಪ್ರಚಾರ' ಎಂದು ಲೆಕ್ಕ ತೋರಿಸುವ ರೂಢಿಯಿದೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಈ ಕ್ಷೇತ್ರದ ಪರಿಣತರೇ ಅದನ್ನು ತಳ್ಳಿಹಾಕಿದ್ದಾರೆ. ಸಣ್ಣ ಹೋಟೆಲ್‌ಗೆ ಅದಕ್ಕಿಂತ ನೇರವಾದ ದಾರಿಯಿದೆ. ಎರಡು ವಾರ ಬಿಲ್ ಕೌಂಟರಿನಲ್ಲಿ 'ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?' ಎಂದು ಹೊಸಬರನ್ನು ಕೇಳಿ, ನೋಟ್‌ಬುಕ್‌ನಲ್ಲಿ ಗೆರೆ ಎಳೆಯುತ್ತಾ ಹೋಗುವುದು.

ಒಂದು ಅಪಾಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಬೆಳಗ್ಗೆ 5ಕ್ಕೆ ತೆರೆಯುತ್ತೇವೆ ಎಂದು ಬರೆದ ಮೇಲೆ ಯಾವುದೋ ಒಂದು ದಿನ ವರದಿಗಾರರು ಹೇಳದೆ ಕೇಳದೆ ಆ ಹೊತ್ತಿಗೇ ಬಂದು ನಿಲ್ಲಬಹುದು. ಆಗ ಷಟರ್ ಇಳಿದೇ ಇದ್ದರೆ ಅದೂ ಸುದ್ದಿಯೇ.