ರಿಟರ್ನ್ ಸಲ್ಲಿಸಲು ಎಷ್ಟು ಕೊಡಬೇಕು?

ಮೊದಲು ಒಂದು ಮಾತು. ಆದಾಯ ತೆರಿಗೆ ರಿಟರ್ನ್, ಅಂದರೆ ವರ್ಷದ ಆದಾಯದ ಲೆಕ್ಕಪತ್ರ, ಸಲ್ಲಿಸಲು ಸರ್ಕಾರ ಒಂದು ಪೈಸೆಯೂ ಕೇಳುವುದಿಲ್ಲ. incometax.gov.in ತಾಣದಲ್ಲಿ ಅದು ಪೂರ್ತಿ ಉಚಿತ. ಸಿಎಗೆ ಅಥವಾ ಖಾಸಗಿ ಪೋರ್ಟಲ್‌ಗೆ ನೀವು ಕೊಡುವ ಹಣ ಅವರ ಕೆಲಸದ ಕೂಲಿ. ಆ ಕೆಲಸ ನಿಮಗೆ ಬೇಕೇ ಎಂಬುದನ್ನು ಮೊದಲು ನೋಡಿ.

ವಾಡಿಯ ಸಿಮೆಂಟ್ ಕಾರ್ಖಾನೆಯ ಒಬ್ಬ ನೌಕರರ ಲೆಕ್ಕ ತೆಗೆದುಕೊಳ್ಳೋಣ. 2025-26ರಲ್ಲಿ ಅವರ ಸಂಬಳ 9 ಲಕ್ಷ. ಬ್ಯಾಂಕಿನ ಠೇವಣಿಯಿಂದ 60,000 ಬಡ್ಡಿ ಬಂದಿದೆ. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ಶೇ. 10 ಟಿಡಿಎಸ್, ಅಂದರೆ ಮುಂಚಿತವಾಗಿಯೇ ಹಿಡಿಯುವ ತೆರಿಗೆ, 6,000 ರೂಪಾಯಿ ಕಡಿತ ಮಾಡಿದೆ. ಒಟ್ಟು 9,60,000ದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಎಲ್ಲ ಸಂಬಳದಾರರಿಗೂ ಸಿಗುವ ಕಡಿತ) ಕಳೆದರೆ 8,85,000 ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. 6,000 ಪೂರ್ತಿ ವಾಪಸ್ ಬರಬೇಕು.

ಈ ಕೆಲಸಕ್ಕೆ ಐಟಿಆರ್-1 ಫಾರ್ಮ್ ಸಾಕು. ತಾಣಕ್ಕೆ ಲಾಗಿನ್ ಆದರೆ ಸಂಬಳ, ಬಡ್ಡಿ, ಟಿಡಿಎಸ್ ಬಹುಪಾಲು ತುಂಬಿಯೇ ಇರುತ್ತವೆ. ಕಾರ್ಖಾನೆ ಕೊಟ್ಟ ಫಾರ್ಮ್ 16 ಜೊತೆಗೆ ಹೋಲಿಸಿ ನೋಡಿ, ಸಲ್ಲಿಸಿ, ಆಧಾರ್ ಒಟಿಪಿ ಹಾಕಿ. ಖರ್ಚು ಸೊನ್ನೆ. ಇದಕ್ಕೇ ಸಿಎ ಒಬ್ಬರು ಸಾವಿರ ರೂಪಾಯಿ ಹೇಳಿದರು ಎನ್ನೋಣ. ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇ. 18 ಸೇರಿ 1,180 ಆಗುತ್ತದೆ. ಚಿಂಚೋಳಿಯವರು ಕಲಬುರಗಿಯ ಕಚೇರಿಗೆ ಹೋಗುವುದಾದರೆ ಬಸ್ಸಿನ ಖರ್ಚು, ಒಂದು ದಿನದ ರಜೆ ಬೇರೆ.

ಖಾಸಗಿ ಪೋರ್ಟಲ್‌ಗಳಲ್ಲಿ ಎರಡು ಬಗೆ. ನೀವೇ ತುಂಬುವುದು ಅಗ್ಗ. ಅವರ ತಜ್ಞರು ತುಂಬುವುದು ದುಬಾರಿ. ಜಾಹೀರಾತಿನ ದರ ಬಹಳ ಸಲ ಬರೀ ಸಂಬಳದ ರಿಟರ್ನ್‌ಗೆ ಮಾತ್ರ. ಷೇರು ಮಾರಾಟ, ವ್ಯಾಪಾರ, ಎರಡನೇ ಮನೆ ಎಂದೊಡನೆ ದರ ಏರುತ್ತದೆ. ಎಲ್ಲ ವಿವರ ತುಂಬಿದ ಮೇಲೆ ಕೊನೆಯ ಪರದೆಯಲ್ಲಿ ಮೊತ್ತ ಕಂಡರೆ ಬೇಸರವೇ. ಮೊದಲೇ ಜಿಎಸ್‌ಟಿ ಸೇರಿದ ಅಂತಿಮ ದರ ನೋಡಿಕೊಳ್ಳಿ.

ಹಾಗಾದರೆ ಸಿಎ ಬೇಡವೇ? ಬೇಕಾಗುವುದು ಇಂಥಲ್ಲಿ. ಸೇಡಂನಲ್ಲಿ ಸಿಮೆಂಟ್ ಸಾಗಿಸುವ 35 ಟನ್‌ನ ಒಂದು ಲಾರಿ ಇದೆ ಎಂದುಕೊಳ್ಳಿ. 12 ಟನ್ ಮೀರಿದ ಲಾರಿಗೆ ತಿಂಗಳಿಗೆ ಟನ್‌ಗೆ 1,000 ರೂಪಾಯಿ ಲಾಭ ಎಂದು ಕಾನೂನು ಅಂದಾಜು ಮಾಡುತ್ತದೆ. ವರ್ಷಕ್ಕೆ 4,20,000. ಅಷ್ಟನ್ನೇ ಒಪ್ಪಿದರೆ ಐಟಿಆರ್-4 ಸಾಕು, ಲೆಕ್ಕದ ಪುಸ್ತಕ ಬೇಡ. ಬಾಡಿಗೆ 30 ಲಕ್ಷ ಬಂದು, ಕಂಪನಿ ಶೇ. 1 ಟಿಡಿಎಸ್ ಎಂದು 30,000 ಹಿಡಿದಿದ್ದರೆ ಅದೂ ರೀಫಂಡ್ ಆಗುತ್ತದೆ. ಹತ್ತು ಲಾರಿಯವರೆಗೆ ಇರುವವರು ಪಾನ್ ಜೊತೆ ಘೋಷಣಾ ಪತ್ರ ಕೊಟ್ಟರೆ ಈ ಹಣ ಹಿಡಿಯುವುದೇ ಇಲ್ಲ. ಇದನ್ನು ಹೇಳಿಕೊಡುವ ಸಿಎ ತನ್ನ ಫೀಸಿಗಿಂತ ಹೆಚ್ಚನ್ನೇ ಕೊಟ್ಟಂತೆ. ಆದರೆ ಸಾಲದ ಬಡ್ಡಿ, ಡೀಸೆಲ್, ರಿಪೇರಿಗೇ ಹೋಗಿ ಲಾಭ ಅಷ್ಟಿಲ್ಲ ಎನ್ನುವಿರಾದರೆ ಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು. ಅದಕ್ಕೆ ಸಹಿ ಹಾಕಲು ಸಿಎಗೆ ಮಾತ್ರ ಅಧಿಕಾರ, ಫೀಸೂ ಅದಕ್ಕೆ ತಕ್ಕಂತೆ ಏರುತ್ತದೆ. ಅದು ಉಳಿಸುವ ತೆರಿಗೆಗಿಂತ ಫೀಸೇ ಹೆಚ್ಚಾಗುವುದಾದರೆ ಅಂದಾಜು ಲಾಭವನ್ನೇ ಒಪ್ಪುವುದು ಮೇಲು. ಒಂದೇ ಲಾರಿಯವರಿಗೆ ಬಹುತೇಕ ಹಾಗೆಯೇ ಆಗುತ್ತದೆ.

ದರ ಕೇಳುವಾಗ ಒಂದು ಎಚ್ಚರ ಇರಲಿ. "ರೀಫಂಡಿನಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಎಂದರೆ ಎದ್ದು ಬನ್ನಿ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಸಿಎ ಹೀಗೆ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ. ಪರ್ಸೆಂಟ್ ಕೇಳುವವರು ಸಾಮಾನ್ಯವಾಗಿ ಸಿಎ ಆಗಿರುವುದಿಲ್ಲ. ರೀಫಂಡ್ ದೊಡ್ಡದಾದಷ್ಟೂ ಅವರಿಗೆ ಲಾಭ, ಹಾಗಾಗಿ ಕಟ್ಟದ ಬಾಡಿಗೆ, ಕೊಡದ ದೇಣಿಗೆ ತೋರಿಸುತ್ತಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ಕಡಿತಗಳಿಗಾಗಿ ದೇಶದ 150 ಕಡೆ ಪರಿಶೀಲನೆ ನಡೆಸಿತು. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು. ಅದು ಬೀಳುವುದು ನಿಮ್ಮ ಪಾನ್ ಮೇಲೆ, ಅವರ ಮೇಲಲ್ಲ.

ಇನ್ನೊಂದು ತೊಂದರೆ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಆಗುವಂಥದ್ದು. ನಿಮ್ಮ ಖಾತೆಗೆ ಅವರು ತಮ್ಮದೇ ಮೊಬೈಲ್, ಇಮೇಲ್ ಸೇರಿಸಿಬಿಡುತ್ತಾರೆ. ಆಮೇಲೆ ಬರುವ ನೋಟಿಸ್ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ರಿಟರ್ನಿನಲ್ಲಿ ದೋಷವಿದೆ ಎಂಬ ನೋಟಿಸಿಗೆ ಉತ್ತರಿಸಲು ಸಾಮಾನ್ಯವಾಗಿ 15 ದಿನ ಮಾತ್ರ ಸಮಯ. ಈ ಉತ್ತರ ನೀವು ಕೊಡುವ ಫೀಸಿನಲ್ಲಿ ಸೇರಿದೆಯೇ ಎಂದು ಸಿಎಯನ್ನೂ ಪೋರ್ಟಲ್‌ನವರನ್ನೂ ಮೊದಲೇ ಕೇಳಿ.

ಯಾರಿಂದಲೇ ಮಾಡಿಸಿ, ಹಣ ಕೊಡುವ ಮೊದಲು ಸ್ವೀಕೃತಿ ಪತ್ರ ಪಡೆಯಿರಿ. ಖಾತೆಯಲ್ಲಿ ನಿಮ್ಮದೇ ಮೊಬೈಲ್ ಇದೆಯೇ ನೋಡಿ, ಪಾಸ್‌ವರ್ಡ್ ಬದಲಿಸಿ. 30 ದಿನದೊಳಗೆ ಇ-ವೆರಿಫೈ, ಅಂದರೆ ಒಟಿಪಿಯಿಂದ ದೃಢೀಕರಣ, ಮುಗಿಸಿ. ಅದು ಆಗದೆ ಹೋದರೆ ನೀವು ಸಲ್ಲಿಸಿದ ರಿಟರ್ನ್ ಲೆಕ್ಕಕ್ಕೆ ಬರುವುದಿಲ್ಲ.