ಮಳೆಗಾಲದಲ್ಲಿ ಪುರಿ ಮೆತ್ತಗಾದರೆ...

ಅರಕಲಗೂಡಿನ ಕಡೆ ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಒಗೆದ ಬಟ್ಟೆ ಆರುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತದೆ. ಸಂತೆಯಿಂದ ತಂದ ಪುರಿ ಮಾರನೆಯ ದಿನವೇ ಹಲ್ಲಿಗೆ ಅಂಟತೊಡಗುತ್ತದೆ. ಕಡ್ಲೆಪುರಿ, ಮಂಡಕ್ಕಿ, ಮುರ್ಮುರಾ ಎಂದು ನೀವು ಯಾವ ಹೆಸರಿನಿಂದ ಕರೆದರೂ ಅದರ ಕಥೆ ಒಂದೇ. ಹುರಿಗಡಲೆ, ಹುರಿದ ಕಡಲೆಕಾಯಿ ಬೀಜಗಳೂ ಸ್ವಲ್ಪ ತಡವಾಗಿ ಅದೇ ದಾರಿ ಹಿಡಿಯುತ್ತವೆ.

ಹೀಗಾಗಲು ಕಾರಣವೇನು? ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಅದರೊಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಉಳಿಯುವುದು ಸಣ್ಣ ಸಣ್ಣ ಪೊಳ್ಳುಗಳಿರುವ ಒಣ ಕಾಳು. ಗರಿಗರಿಯಾಗಿರುವ 100 ಗ್ರಾಂ ಪುರಿಯಲ್ಲಿ ಸುಮಾರು 3ರಿಂದ 4 ಗ್ರಾಂ ನೀರು ಮಾತ್ರ ಇರುತ್ತದೆ. ಮಳೆಗಾಲದ ಗಾಳಿ ಸಿಕ್ಕಿದ ಕೂಡಲೇ ಅದು ತೇವವನ್ನು ಎಳೆದುಕೊಳ್ಳುತ್ತದೆ. ಪುರಿಗೆ ಹಾಕಿರುವ ಉಪ್ಪೂ ಇದಕ್ಕೆ ಸೇರಿಕೊಳ್ಳುತ್ತದೆ. ಗಾಳಿಯ ತೇವ ನೂರಕ್ಕೆ 75ನ್ನು ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗತೊಡಗುತ್ತದೆ. ಆದ್ದರಿಂದ ಉಪ್ಪು ಹೆಚ್ಚಿರುವ ಪುರಿ ಬೇಗ ಮೆತ್ತಗಾಗುತ್ತದೆ.

ಹೊಗೆಸೊಪ್ಪು ಬೆಳೆಯುವ ಕೊಣನೂರು, ರಾಮನಾಥಪುರದ ರೈತರಿಗೆ ಈ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. ಬ್ಯಾರನ್‌ನಲ್ಲಿ ಬೆಂದು ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೆ ಅವರು ಬಾಗಿಲು ತೆರೆದು ತಂಪು ಗಾಳಿ ಬಿಡುತ್ತಾರೆ. ಕೆಲವು ಗಂಟೆಗಳಲ್ಲಿ ಎಲೆ ತೇವ ಹೀರಿ ಮೆದುವಾಗುತ್ತದೆ, ಆಮೇಲೆ ಅದನ್ನು ಇಳಿಸುತ್ತಾರೆ. ಅಲ್ಲಿ ಬೇಕೆಂದೇ ಮಾಡುವ ಕೆಲಸ ನಮ್ಮ ಅಡುಗೆಮನೆಯಲ್ಲಿ ಬೇಡವಾಗಿಯೂ ನಡೆದುಬಿಡುತ್ತದೆ.

ಒಂದು ಲೆಕ್ಕ ನೋಡಿ. ನೀವು ಐದು ಸೇರು ಪುರಿ ತಂದಿರಿ ಎನ್ನೋಣ. ತೂಕದಲ್ಲಿ ಅದು ಸುಮಾರು ಅರ್ಧ ಕಿಲೋ. ಅದು ಪೂರ್ತಿ ಮೆತ್ತಗಾಗಲು ಬೇಕಾಗುವುದು ಸುಮಾರು 25 ಗ್ರಾಂ ನೀರು, ಅಂದರೆ ಐದು ಚಹಾ ಚಮಚದಷ್ಟು. ಆ ಐದು ಚಮಚ ನೀರನ್ನು ಹೊರಗೆ ಕಳಿಸುವುದು ಮತ್ತು ಮರಳಿ ಒಳಗೆ ಬಾರದಂತೆ ತಡೆಯುವುದು, ಇಷ್ಟೇ ನಮ್ಮ ಕೆಲಸ.

ಒಣಗಿಸುವ ಕ್ರಮ

ಬಿಸಿಲು ಬಿದ್ದ ದಿನ ಬೆಳಿಗ್ಗೆ ಹತ್ತೂವರೆಯ ನಂತರ, ನೆಲದ ತೇವ ಆರಿದ ಮೇಲೆ ಪುರಿಯನ್ನು ಹೊರಗಿಡಿ. ನೆಲದ ಮೇಲೆ ಬೇಡ, ಮಂಚದ ಮೇಲೆ ದೊಡ್ಡ ಸ್ಟೀಲ್ ತಟ್ಟೆಗಳಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ. ತಟ್ಟೆ ಕಾದರೆ ಪುರಿಯೂ ಬೆಚ್ಚಗಾಗಿ ತೇವ ಬಿಡುತ್ತದೆ. ನೊಣ, ಧೂಳು ಬೀಳದಂತೆ ತೆಳು ಬಟ್ಟೆ ಹೊದಿಸಿ. ಮಧ್ಯಾಹ್ನ ಮೂರರೊಳಗೆ ಒಳಗೆ ತನ್ನಿ. ಸಂಜೆಯವರೆಗೆ ಬಿಟ್ಟರೆ ಹಗಲು ಬಿಟ್ಟ ತೇವವನ್ನೆಲ್ಲ ಅದು ಮರಳಿ ಪಡೆಯುತ್ತದೆ.

ಬಿಸಿಲಿಲ್ಲದಿದ್ದರೆ ದಪ್ಪ ತಳದ ಬಾಣಲೆಯೇ ಗತಿ. ಒಮ್ಮೆಗೆ ಎರಡು ಸೇರಿಗಿಂತ ಹೆಚ್ಚು ಹಾಕಬೇಡಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈ ಬಿಡದೆ ಆಡಿಸಿ. ಬಣ್ಣ ಬದಲಾಗಬಾರದು. ಆಯಿತೇ ಎಂದು ತಿಳಿಯಲು ನಾಲ್ಕು ಕಾಳು ತೆಗೆದು ಒಂದು ನಿಮಿಷ ಆರಲು ಬಿಟ್ಟು ಕಚ್ಚಿ ನೋಡಿ. ಬಿಸಿಯಲ್ಲಿರುವಾಗ ನೋಡಿದರೆ ಮೋಸ ಹೋಗುತ್ತೀರಿ. ಆರಿದ ಮೇಲೆ ಹಲ್ಲಿನಡಿ ‘ಕರುಂ’ ಎಂದರೆ ಸಾಕು, ಬಗ್ಗಿ ಒತ್ತಿಕೊಂಡರೆ ಇನ್ನೆರಡು ನಿಮಿಷ ಬೇಕು.

ಹೆಚ್ಚಿನವರು ತಪ್ಪುವುದು ಇದರ ನಂತರದ ಹೆಜ್ಜೆಯಲ್ಲಿ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಆವಿ ತಣ್ಣನೆಯ ಮುಚ್ಚಳಕ್ಕೆ ತಗುಲಿ ಹನಿಯಾಗಿ ಪುರಿಯ ಮೇಲೆಯೇ ಬೀಳುತ್ತದೆ. ಆರಲಿ ಎಂದು ರಾತ್ರಿಯಿಡೀ ಹರಡಿಟ್ಟರೆ ಗಾಳಿಯ ತೇವ ಸೇರುತ್ತದೆ. ಪುರಿ ಹಗುರವಾದ್ದರಿಂದ ತೆಳುವಾಗಿ ಹರಡಿದರೆ ಐದರಿಂದ ಹತ್ತು ನಿಮಿಷದಲ್ಲಿ ಆರುತ್ತದೆ. ಕೈಗೆ ಬಿಸಿ ತಾಗದು ಎನಿಸಿದ ಕ್ಷಣ ತುಂಬಿ ಮುಚ್ಚಿ. ಹುರಿಗಡಲೆ, ಕಡಲೆಕಾಯಿ ಬೀಜ ಗಟ್ಟಿ ಕಾಳುಗಳು, ಒಳಗೆ ಬಿಸಿ ಉಳಿಯುತ್ತದೆ. ಅವಕ್ಕೆ ಅರ್ಧ ಗಂಟೆ ಕೊಡಿ.

ಡಬ್ಬಿ ನಿಜವಾಗಿಯೂ ಬಿಗಿಯೇ?

ಖಾಲಿ ಡಬ್ಬಿಯೊಳಗೆ ಒಣ ಪತ್ರಿಕೆಯ ತುಂಡು ಇಟ್ಟು ಮುಚ್ಚಿ, ಬಕೆಟ್ ನೀರಿನಲ್ಲಿ ಅರ್ಧ ನಿಮಿಷ ತಲೆಕೆಳಗಾಗಿ ಅದ್ದಿ ಹಿಡಿಯಿರಿ. ತೆಗೆದು ಹೊರಗೆ ಒರೆಸಿ, ತೆರೆದು ನೋಡಿ. ಕಾಗದ ಒದ್ದೆಯಾಗಿದ್ದರೆ ಆ ಡಬ್ಬಿ ಪುರಿಗೆ ಆಗದು. ತೊಳೆದ ಡಬ್ಬಿಯ ಮುಚ್ಚಳದ ಸುರುಳಿಯಲ್ಲಿ, ರಬ್ಬರ್ ಬಳೆಯ ಅಡಿಯಲ್ಲಿ ನೀರು ನಿಂತಿರುತ್ತದೆ. ಬಳೆಯನ್ನು ಬಿಡಿಸಿ ಪೂರ್ತಿ ಒಣಗಿಸಿದ ಮೇಲೆಯೇ ತುಂಬಿ. ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲವನ್ನು ಎಷ್ಟು ಬಿಗಿಯಾಗಿ ಗಂಟು ಹಾಕಿದರೂ ಗಂಟಿನ ಸಂದಿಯಲ್ಲಿ ಗಾಳಿ ಆಡುತ್ತದೆ.

ಐದು ಸೇರನ್ನು ಒಂದೇ ದೊಡ್ಡ ಡಬ್ಬಿಗೆ ಹಾಕುವ ಬದಲು ಎರಡು ಮೂರು ಡಬ್ಬಿಗಳಿಗೆ ಕುತ್ತಿಗೆಯವರೆಗೆ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಿರಿ. ಮುಚ್ಚಳ ಒಮ್ಮೆ ತೆರೆದು ಕೂಡಲೇ ಮುಚ್ಚಿದರೆ ಸೇರುವ ತೇವ ತೀರಾ ಅಲ್ಪ. ಮಕ್ಕಳು ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಹೋಗುವುದು, ಒದ್ದೆ ಕೈ ಹಾಕುವುದು, ಇವೆರಡೇ ಪುರಿಯನ್ನು ಕೆಡಿಸುವುದು. ಡಬ್ಬಿಯ ಪಕ್ಕದಲ್ಲೇ ಒಂದು ಒಣ ಲೋಟ ಇಡಿ.

ತೇವ ಹೀರಲಿ ಎಂದು ಅಕ್ಕಿಯ ಗಂಟು ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಮೂಟೆಯಿಂದ ತೆಗೆದ ಅಕ್ಕಿಯಲ್ಲಿ ನೂರಕ್ಕೆ ಸುಮಾರು 13 ಪಾಲು ನೀರು ಇರುತ್ತದೆ. ಪುರಿಯಲ್ಲಿರುವುದು ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಹಾಗಾದರೆ ತೇವ ಯಾವ ಕಡೆಗೆ ಹರಿದೀತು? ಹಸಿ ಅಕ್ಕಿ ಪುರಿಯನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಒಂದು ಹಿಡಿ ಅಕ್ಕಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಆರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಮಾತ್ರ ಉಪಯೋಗ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪೊಟ್ಟಣಗಳನ್ನು ತಿನ್ನುವ ಪದಾರ್ಥದ ಡಬ್ಬಿಗೆ ಹಾಕಬೇಡಿ.

ಯಾವುದನ್ನು ಎಸೆಯಬೇಕು?

ಮೆತ್ತಗಾದದ್ದೆಲ್ಲ ಕೆಟ್ಟದ್ದಲ್ಲ. ಬೂಷ್ಟು ಬೆಳೆಯಲು ಬೇಕಾಗುವ ತೇವ ಹೆಚ್ಚು. ಅದಕ್ಕಿಂತ ಎಷ್ಟೋ ಮೊದಲೇ ಪುರಿ ಗರಿ ಕಳೆದುಕೊಳ್ಳುತ್ತದೆ. ಆದ್ದರಿಂದ ಮೆತ್ತಗಾಗುವುದನ್ನು ಮೊದಲ ಎಚ್ಚರಿಕೆ ಎಂದು ತಿಳಿಯಿರಿ. ಆಗಲೇ ಒಣಗಿಸಿದರೆ ಆಹಾರ ಉಳಿಯುತ್ತದೆ.

ಅದನ್ನು ಕಡೆಗಣಿಸಿದರೆ ಹೆಚ್ಚು ಅಪಾಯ ಕಡಲೆಕಾಯಿ ಬೀಜದಲ್ಲಿ. ಹಸಿರು, ಹಳದಿ ಅಥವಾ ಬೂದು ಬಣ್ಣದ ಬೂಷ್ಟು, ಮುಗ್ಗುಲು ವಾಸನೆ, ಬಾಯಲ್ಲಿ ಕಹಿ, ಇವುಗಳಲ್ಲಿ ಒಂದು ಕಂಡರೂ ಇಡೀ ಡಬ್ಬಿಯದ್ದನ್ನು ಎಸೆಯಿರಿ. ಕೆಟ್ಟ ಕಾಳನ್ನಷ್ಟೇ ಆರಿಸಿ ಉಳಿದುದನ್ನು ಹುರಿದು ಮಕ್ಕಳಿಗೆ ಕೊಡುವುದು ಸರಿಯಲ್ಲ. ಈ ಬೂಷ್ಟುಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಬಹುಕಾಲ ದೇಹ ಸೇರುತ್ತಿದ್ದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಹುರಿದರೆ ಬೂಷ್ಟು ಸಾಯಬಹುದು, ಆದರೆ ಮನೆಯ ಬಾಣಲೆಯ ಬಿಸಿಗೆ ಆ ವಿಷ ಪೂರ್ತಿ ನಾಶವಾಗುವುದಿಲ್ಲ. ಎಣ್ಣೆ ಕೆಟ್ಟು ಕಮಟು ವಾಸನೆ ಬಂದ ಬೀಜವೂ ಹುರಿದರೆ ಸರಿಹೋಗದು.

ಹಾಗಾಗಿ ಮಳೆಗಾಲದಲ್ಲಿ ಪುರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಡಿ. ಒಗ್ಗರಣೆ, ಈರುಳ್ಳಿ ಬೆರೆಸುವುದು ತಿನ್ನುವ ಹೊತ್ತಿಗೆ ಇರಲಿ. ವಾರಕ್ಕೊಮ್ಮೆ ಪ್ರತಿ ಡಬ್ಬಿಯಿಂದ ನಾಲ್ಕು ಕಾಳು ತೆಗೆದು ಮೊದಲು ಮೂಸಿ, ಆಮೇಲೆ ಕಚ್ಚಿ ನೋಡಿ. ವಾಸನೆ ಸರಿಯಿದ್ದು ಮೆತ್ತಗಾಗಿದ್ದರೆ ಅಂದೇ ಬಾಣಲೆಗೆ ಹಾಕಿ; ವಾಸನೆಯೇ ಕೆಟ್ಟಿದ್ದರೆ ರುಚಿ ನೋಡಲು ಹೋಗಬೇಡಿ.