ಹಣದ ಹಾದಿ

ನಿಪ್ಪಾಣಿಯ ಸೀಮೆ ತಂಬಾಕಿಗೆ ಹೆಸರಾದುದು. ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಕೃಷ್ಣೆಯ ನೀರಿನಿಂದ ಕಬ್ಬು ಬೆಳೆಯುತ್ತದೆ. ಬೆಳೆಯ ಹಣವು ಇಂದು ಬಹುಮಟ್ಟಿಗೆ ಬ್ಯಾಂಕಿನ ಮೂಲಕವೇ ರೈತನನ್ನು ಸೇರುತ್ತದೆ. ಅದರೊಡನೆ ಬಂದ ಹೊಸ ಮಾತುಗಳು ವಯಸ್ಸಾದವರನ್ನು ಗೊಂದಲಕ್ಕೆ ಈಡುಮಾಡುತ್ತವೆ.

ಚಿಕ್ಕೋಡಿ ಕಡೆಯ ವೃದ್ಧ ರೈತನೊಬ್ಬನು ತಂಬಾಕನ್ನು ಮಾರಿ, ವರ್ತಕನಿಂದ 40,000 ರೂಪಾಯಿಗಳ ಚೆಕ್ಕನ್ನು ಪಡೆದನೆಂದು ಇಟ್ಟುಕೊಳ್ಳಬಹುದು. ಚೆಕ್ಕು ಹಣವಲ್ಲ, ತನ್ನ ಖಾತೆಯಿಂದ ಇಷ್ಟು ಹಣ ಕೊಡಬೇಕೆಂದು ವರ್ತಕನು ತನ್ನ ಬ್ಯಾಂಕಿಗೆ ಬರೆದ ಆಜ್ಞೆ. ಅದನ್ನು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ವರ್ತಕನ ಖಾತೆಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೆ ಚೆಕ್ಕು ಮರಳಿ ಬರುತ್ತದೆ. ಇದೇ ‘ಚೆಕ್ ಬೌನ್ಸ್’. ಆಗ ಬ್ಯಾಂಕು ಕಾರಣವನ್ನು ಬರೆದ ಚೀಟಿಯೊಂದನ್ನು ಕೊಡುತ್ತದೆ. ಆ ಚೀಟಿಯನ್ನು ಜೋಪಾನವಾಗಿಡಬೇಕು. ಏಕೆಂದರೆ, ಚೆಕ್ಕು ಮರಳಿದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ರೈತನು ವರ್ತಕನಿಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿಯೂ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.

ನೋಟೀಸು ತಲುಪಿದ ವರ್ತಕನು, “ಅಜ್ಜಾರ, ಎನ್.ಇ.ಎಫ್.ಟಿ. ಮಾಡ್ತೀನ್ರಿ” ಎಂದನು. 2005ರಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಕಾಗದವಿಲ್ಲದೆ ಸಾಗುತ್ತದೆ. ಅರ್ಧ ಗಂಟೆಗೊಂದು ತಂಡದಂತೆ, ಹಗಲಿರುಳೂ ಈ ಕೆಲಸ ನಡೆಯುತ್ತದೆ. ಹಣ ಕಳಿಸುವವನಿಗೆ ಪಡೆಯುವವನ ಖಾತೆಯ ಸಂಖ್ಯೆಯೂ ಐ.ಎಫ್.ಎಸ್.ಸಿ. ಸಂಕೇತವೂ ಬೇಕು. ಈ ಸಂಕೇತವು ಶಾಖೆಯ ವಿಳಾಸವಿದ್ದಂತೆ. ಅದರಲ್ಲಿ 11 ಅಕ್ಷರ, ಅಂಕಿಗಳಿರುತ್ತವೆ: ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನು, ಕೊನೆಯ ಆರು ಶಾಖೆಯನ್ನು ಸೂಚಿಸುತ್ತವೆ, ಐದನೆಯದು ಸೊನ್ನೆ.

ಅಜ್ಜನ ಬಳಿ ಇದ್ದುದು ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಾಸ್‌ಬುಕ್ಕು. ಅದರಲ್ಲಿ SYNB ಎಂದು ಆರಂಭವಾಗುವ ಸಂಕೇತವಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; 2021ರ ಜುಲೈ 1ರಿಂದ ಹಳೆಯ ಸಂಕೇತಗಳು ನಿಂತುಹೋದವು. ಈಗಿನ ಸಂಕೇತವು CNRB ಎಂದು ಆರಂಭವಾಗುತ್ತದೆ. ಆದುದರಿಂದ ಅಜ್ಜನು ಮೊದಲು ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ಕನ್ನು ಪಡೆದನು.

ಸಂಕೇತಕ್ಕಿಂತಲೂ ಎಚ್ಚರಿಕೆ ಬೇಕಾದುದು ಖಾತೆಯ ಸಂಖ್ಯೆಯಲ್ಲಿ. ಎನ್.ಇ.ಎಫ್.ಟಿ.ಯಲ್ಲಿ ಹಣವನ್ನು ಜಮಾ ಮಾಡುವುದು ಆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ತಪ್ಪಾಗಿ ಬರೆದ ಸಂಖ್ಯೆಯ ಖಾತೆಯೇ ಇಲ್ಲವಾದರೆ ಹಣ ಕಳಿಸಿದವನಿಗೆ ಮರಳುತ್ತದೆ. ಅದು ಬೇರೊಬ್ಬನ ಖಾತೆಯಾಗಿದ್ದರೆ ಅವನಿಗೇ ಸೇರುತ್ತದೆ, ಹಿಂಪಡೆಯುವುದು ಕಷ್ಟ. ಆದ್ದರಿಂದ ಅಜ್ಜನು ಸಂಖ್ಯೆಯನ್ನು ಬಾಯಿಂದ ಹೇಳದೆ, ಪಾಸ್‌ಬುಕ್ಕಿನ ಮೊದಲ ಪುಟದ ನಕಲನ್ನೇ ವರ್ತಕನಿಗೆ ಕೊಟ್ಟನು.

ಕಳಿಸಿದೆನೆಂಬ ಮಾತು ಹಣ ಬಂದುದಕ್ಕೆ ಸಾಕ್ಷಿಯಲ್ಲ. ಎರಡು ದಿನಗಳ ಬಳಿಕ ಅಜ್ಜನು ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ಮುದ್ರಿಸಿಕೊಂಡು ಬಂದನು. ಜಮಾ ಅಂಕಣದಲ್ಲಿ 40,000 ಎಂದಿತ್ತು. ಪಕ್ಕದ ಶಿಲ್ಕಿನ ಅಂಕಣದಲ್ಲಿಯೂ ಅಷ್ಟೇ ಮೊತ್ತ ಏರಿತ್ತು.